ಕೌಂಟರ್ ಟೀವಿಯ ವಿಡಿಯೋ ಸುತ್ತಿ ಬರುವಾಗ ಜಿಗಿಯದಂತೆ ಮಾಡುವುದು ಹೇಗೆ?

ಪ್ರಶ್ನೆ: ನಮ್ಮದು ಕಾಫಿ ಪುಡಿ ಅಂಗಡಿ. ಕೌಂಟರ್ ಮೇಲಿನ ಟೀವಿಗೆ ಅಂತ ಸೌಂಡ್ ಇಲ್ಲದ ಚಿಕ್ಕ ವಿಡಿಯೋ ಮಾಡಿ ಪೆನ್‌ಡ್ರೈವ್‌ನಲ್ಲಿ ಹಾಕಿದ್ದೇನೆ. ಮುಗಿದು ಮತ್ತೆ ಶುರುವಾಗುವಾಗ ಟಕ್ ಅಂತ ಹಾರುತ್ತೆ, ನೋಡೋಕೆ ಚೆನ್ನಾಗಿಲ್ಲ. ಏನು ಮಾಡಲಿ?

ಉತ್ತರ:

ನಾನು ಅಂಗಡಿ, ಹೋಟೆಲ್‌ಗಳಿಗೆ ಇಂಥ ವಿಡಿಯೋ ಮಾಡಿಕೊಡುತ್ತೇನೆ. ಮೊದಲು ತಪ್ಪು ವಿಡಿಯೋದ್ದೋ ಟೀವಿಯದ್ದೋ ನೋಡಿಕೊಳ್ಳಿ. ಫೈಲನ್ನು ಕಂಪ್ಯೂಟರ್‌ಗೆ ಹಾಕಿ, ವಿಎಲ್‌ಸಿಯಲ್ಲಿ ರಿಪೀಟ್ ಒತ್ತಿ ನಾಲ್ಕೈದು ಸುತ್ತು ನೋಡಿ. ಅಲ್ಲೂ ಚಿತ್ರ ಹಾರಿದರೆ ಎಡಿಟಿಂಗ್ ಸರಿ ಮಾಡಬೇಕು. ಅಲ್ಲಿ ಹೆಚ್ಚುಕಮ್ಮಿ ಸಲೀಸಾಗಿ ಓಡಿ, ಟೀವಿಯಲ್ಲಿ ಮಾತ್ರ ಪರದೆ ಕಪ್ಪಾಗಿ ಫೈಲಿನ ಹೆಸರು ಮಿಂಚಿದರೆ ಅದು ಟೀವಿಯ ಕೆಲಸ. ಎಷ್ಟೋ ಸಲ ಎರಡೂ ಇರುತ್ತವೆ.

ಮೊದಲು ಎಡಿಟಿಂಗ್ ನೋಡೋಣ. ಹೆಚ್ಚಿನವರು ಇದನ್ನೂ ಯೂಟ್ಯೂಬ್ ವಿಡಿಯೋ ಥರ ಕಟ್ಟುತ್ತಾರೆ. ಶುರುವಿಗೆ ಲೋಗೋ, ಮಧ್ಯೆ ಸಾಮಾನು, ಕೊನೆಗೆ "ಧನ್ಯವಾದ" ಅಂತ ಬಂದು ಪರದೆ ಕಪ್ಪು. ಅಂಗಡಿಗೆ ಬರುವವರು ಯಾವ ಕ್ಷಣದಲ್ಲಿ ತಲೆ ಎತ್ತುತ್ತಾರೋ ಯಾರಿಗೆ ಗೊತ್ತು? ಅವರ ಪಾಲಿಗೆ ಈ ವಿಡಿಯೋಗೆ ಆರಂಭವೂ ಇಲ್ಲ, ಕೊನೆಯೂ ಇಲ್ಲ. ಕಪ್ಪು ಪರದೆ ಕಂಡರೆ ಟೀವಿ ಕೆಟ್ಟಿದೆ ಅಂದುಕೊಳ್ಳುತ್ತಾರೆ, ಅಷ್ಟೆ. ಹಾಗಾಗಿ ಲೋಗೋವನ್ನು ಒಂದು ಮೂಲೆಯಲ್ಲಿ ಇಡೀ ವಿಡಿಯೋ ಉದ್ದಕ್ಕೂ ಅಲ್ಲಾಡದೆ ಕೂರಿಸಿ. ಶುರು, ಕೊನೆ ಎರಡನ್ನೂ ತೆಗೆದುಬಿಡಿ.

ಈಗ ಮುಖ್ಯವಾದ ಉಪಾಯ. ಸುತ್ತು ಕೂಡುವ ಜಾಗ ಎರಡು ಶಾಟ್‌ಗಳ ನಡುವೆ ಇರಬಾರದು, ಒಂದೇ ಶಾಟ್‌ನ ಹೊಟ್ಟೆಯೊಳಗೆ ಇರಬೇಕು. ನಿಮ್ಮ ಅಂಗಡಿಯನ್ನೇ ತೆಗೆದುಕೊಳ್ಳಿ. ಮೂರು ಶಾಟ್ ಸಾಕು: ದವರಾ-ಲೋಟದಿಂದ ಏಳುವ ಹಬೆ 12 ಸೆಕೆಂಡ್, ಗ್ರೈಂಡರ್ ಬಾಯಿಗೆ ಇಳಿಯುವ ಹುರಿದ ಬೀಜ 6 ಸೆಕೆಂಡ್, ಫಿಲ್ಟರ್‌ನಿಂದ ತೊಟ್ಟಿಕ್ಕುವ ಡಿಕಾಕ್ಷನ್ 6 ಸೆಕೆಂಡ್. ಹಬೆಯ ಶಾಟನ್ನು ಸರಿಯಾಗಿ 6ನೇ ಸೆಕೆಂಡಿಗೆ ಸ್ಪ್ಲಿಟ್ ಮಾಡಿ. ಅದರ ಎರಡನೇ ಅರ್ಧವನ್ನು ವಿಡಿಯೋದ ಮೊದಲಿಗೆ ಇಡಿ. ಆಮೇಲೆ ಬೀಜ, ಆಮೇಲೆ ಡಿಕಾಕ್ಷನ್. ಕಟ್ಟಕಡೆಗೆ ಹಬೆಯ ಮೊದಲ ಅರ್ಧ. ಒಟ್ಟು 24 ಸೆಕೆಂಡ್ ಆಯಿತು.

ಈಗ ಓಡಿಸಿ ನೋಡಿ. ವಿಡಿಯೋ ಮುಗಿಯುವುದು ಹಬೆಯ 6ನೇ ಸೆಕೆಂಡಿನಲ್ಲಿ, ಮತ್ತೆ ಶುರುವಾಗುವುದೂ ಅದೇ 6ನೇ ಸೆಕೆಂಡಿನಿಂದ. ಕ್ಯಾಮೆರಾದಲ್ಲಿ ಒಂದರ ಹಿಂದೆ ಒಂದು ಬಂದ ಫ್ರೇಮುಗಳೇ ಅಲ್ಲಿ ಕೂಡುತ್ತವೆ, ಹಾಗಾಗಿ ಕಣ್ಣಿಗೆ ಏನೂ ತಿಳಿಯುವುದಿಲ್ಲ. ಹಬೆಯಿಂದ ಬೀಜಕ್ಕೆ, ಬೀಜದಿಂದ ಡಿಕಾಕ್ಷನ್‌ಗೆ ನೇರ ಕಟ್ ಇದ್ದೇ ಇದೆ, ಅದು ಯಾರಿಗೂ ಹಾರಿದಂತೆ ಕಾಣುವುದಿಲ್ಲ. ಕಟ್ ನೋಡಿ ನೋಡಿ ನಮ್ಮ ಕಣ್ಣಿಗೆ ರೂಢಿಯಾಗಿಬಿಟ್ಟಿದೆ. ಒಂದೇ ಚಿತ್ರದೊಳಗೆ ಲೋಟ ಒಂದು ಇಂಚು ಸರಿದರೆ ಮಾತ್ರ ತಕ್ಷಣ ಗೊತ್ತಾಗುತ್ತದೆ.

ಎಡಿಟರ್‌ನ ಸ್ಪ್ಲಿಟ್ ಬಟನ್‌ನಿಂದಲೇ ಕತ್ತರಿಸಿ. ಒಂದೇ ಕ್ಲಿಪ್ಪನ್ನು ಎರಡು ಸಲ ತಂದು ಕೈಯಲ್ಲಿ ಟ್ರಿಮ್ ಮಾಡಿದರೆ ನಡುವಿನ ಫ್ರೇಮ್ ಎರಡು ಸಲ ಉಳಿಯಬಹುದು, ಇಲ್ಲವೇ ಒಂದೆರಡು ಫ್ರೇಮ್ ಬಿಟ್ಟುಹೋಗಬಹುದು. ಆಗ ಸುತ್ತು ಕೂಡುವಾಗ ಹಬೆ ಸಣ್ಣದಾಗಿ ಬಿಕ್ಕಳಿಸುತ್ತದೆ.

ಕೂಡುವ ಜಾಗಕ್ಕೆ ಯಾವ ಶಾಟ್ ಆರಿಸಬೇಕು ಅನ್ನುವುದೂ ಮುಖ್ಯ. ಒಂದೇ ಸಮನೆ ನಡೆಯುತ್ತಿರುವ, ಎಲ್ಲಿಗೂ ತಲುಪದ ಚಲನೆ ಬೇಕು. ಹಬೆ, ಬೀಳುವ ಬೀಜ ಅಂಥವು. ಕಾಫಿ ಎತ್ತಿ ಸುರಿಯುವ ಶಾಟ್ ಚಂದವೇ, ಆದರೆ ಲೋಟ ತುಂಬಿದ ಮೇಲೆ ಅದಕ್ಕೆ ಒಂದು ಕೊನೆ ಬಂದುಬಿಡುತ್ತದೆ. ಅಂಥದ್ದನ್ನು ಎರಡು ಕಟ್‌ಗಳ ನಡುವೆ ಇಡೀ ಇಡಿ, ಕೂಡುವ ಜಾಗಕ್ಕೆ ತರಬೇಡಿ. ನಿಧಾನವಾಗಿ ಝೂಮ್ ಆಗುವ ಎಫೆಕ್ಟ್ ಹಾಕುವುದಿದ್ದರೂ ಹಬೆಯ ಎರಡು ತುಂಡಿಗೆ ಬೇರೆ ಬೇರೆಯಾಗಿ ಹಾಕಬೇಡಿ. ಹಾಕಿದರೆ ಕೂಡುವ ಕಡೆ ದೊಡ್ಡದಾಗಿದ್ದ ಲೋಟ ಫಟ್ ಅಂತ ಚಿಕ್ಕದಾಗುತ್ತದೆ. ಹಬೆಯನ್ನು ರಿವರ್ಸ್ ಮಾಡಿ ಹಿಂದೆ-ಮುಂದೆ ಓಡಿಸುವ ಐಡಿಯಾ ಬಹಳ ಜನ ಕೊಡುತ್ತಾರೆ. ಹಬೆ ಲೋಟದೊಳಗೆ ಇಳಿಯುವುದನ್ನು ಒಮ್ಮೆ ನೋಡಿ, ನಿಮಗೇ ನಗು ಬರುತ್ತದೆ.

ನಿಮ್ಮ ಹತ್ತಿರ ಒಂದೇ ಶಾಟ್ ಇದ್ದರೆ? ಆಗಲೂ ಅರ್ಧ ಮಾಡಿ ಅದಲುಬದಲು ಮಾಡಿ. ಆದರೆ ಈಗ ಮಧ್ಯದಲ್ಲಿ 12ನೇ ಸೆಕೆಂಡಿನಿಂದ 0ಗೆ ಹಾರುತ್ತದೆ. ಅಲ್ಲಿ ಒಂದು ಸೆಕೆಂಡಿನ ಡಿಸಾಲ್ವ್ ಹಾಕಿ. ಹಬೆಯಲ್ಲಿ ಹಬೆ ಕರಗಿಹೋಗುತ್ತದೆ, ಗೊತ್ತಾಗುವುದಿಲ್ಲ. ವಿಡಿಯೋ 11 ಸೆಕೆಂಡಿಗೆ ಇಳಿಯುತ್ತದೆ, ಪರವಾಗಿಲ್ಲ. ಆ ಒಂದು ಸೆಕೆಂಡಿನಲ್ಲಿ ಯಾರದಾದರೂ ಕೈ ಬಂದಿದ್ದರೆ ಮಾತ್ರ ಕೈಯ ಹಿಂದೆ ಇನ್ನೊಂದು ದೆವ್ವದ ಕೈ ಕಾಣುತ್ತದೆ.

ಇದೆಲ್ಲ ಕೆಲಸ ಮಾಡಬೇಕಾದರೆ ಶೂಟಿಂಗ್ ಸ್ವಲ್ಪ ಶಿಸ್ತಾಗಿರಬೇಕು. ಫೋನನ್ನು ಟ್ರೈಪಾಡ್ ಮೇಲೆ ಇಡಿ. ಪರದೆ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ (ಐಫೋನ್‌ನಲ್ಲಿ `AE/AF LOCK` ಅಂತ ಬರುತ್ತದೆ). ಇಲ್ಲದಿದ್ದರೆ ಹಬೆ ದಟ್ಟವಾದಾಗ ಫೋನ್ ತಾನಾಗೇ ಬೆಳಕು ಕಮ್ಮಿ ಮಾಡುತ್ತದೆ. ಶಾಟ್‌ನ ಮೊದಲು ಒಂದು ಬಣ್ಣ, ಕೊನೆಗೆ ಇನ್ನೊಂದು ಬಣ್ಣ ಆಗುತ್ತದೆ. ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿಣಮಿಣ ಅಂದರೆ ಷಟರ್ 1/50 ಅಥವಾ 1/100ಕ್ಕೆ ಇಡಿ, ನಮ್ಮ ಕರೆಂಟ್ 50 ಹರ್ಟ್ಸ್‌ನದ್ದು. ಹಬೆ ಚೆನ್ನಾಗಿ ಕಾಣಬೇಕಾದರೆ ಹಿಂದೆ ಕಪ್ಪು ಬಟ್ಟೆ ಕಟ್ಟಿ, ಬೆಳಕು ಹಿಂದಿನಿಂದ ಓರೆಯಾಗಿ ಬೀಳಲಿ.

ಸೌಂಡ್ ಇಲ್ಲದ್ದರಿಂದ ಹೇಳಬೇಕಾದ್ದನ್ನು ಅಕ್ಷರಗಳೇ ಹೇಳಬೇಕು. ಒಂದು ಶಾಟ್‌ಗೆ ಒಂದೇ ಸಾಲು. ಬೀಜದ ಮೇಲೆ "ಪೀಬರಿ 80, ಚಿಕೋರಿ 20", ಡಿಕಾಕ್ಷನ್ ಮೇಲೆ "ಕಣ್ಣೆದುರೇ ಪುಡಿ ಮಾಡಿಕೊಡುತ್ತೇವೆ". ನಿಧಾನವಾಗಿ ಎರಡು ಸಲ ಓದಲು ಆಗದಿದ್ದರೆ ಸಾಲು ಉದ್ದವಾಯಿತು ಅಂತ ಅರ್ಥ. ಹಬೆಯ ಮೇಲೆ ಏನೂ ಬರೆಯದಿದ್ದರೆ ಒಳ್ಳೆಯದು. ಬರೆಯಲೇಬೇಕಾದರೆ ಎರಡು ತುಂಡಿನಲ್ಲೂ ಅದೇ ಜಾಗದಲ್ಲಿ ಇರಲಿ, ಕುಣಿಯುತ್ತಾ ಒಳಗೆ ಬರುವುದು ಬೇಡ. ಈ ವಿಡಿಯೋವನ್ನು ಅತಿ ಹೆಚ್ಚು ನೋಡುವವರು ಗಿರಾಕಿಗಳಲ್ಲ, ಎದುರು ನಿಂತು ಪೊಟ್ಟಣ ಕಟ್ಟುವ ನಿಮ್ಮ ಹುಡುಗರು. ಕುಣಿಯುವ ಅಕ್ಷರ ದಿನಕ್ಕೆ ಸಾವಿರ ಸಲ ಕಣ್ಣಿಗೆ ಚುಚ್ಚಿದರೆ ಅವರೇ ಟೀವಿ ಆಫ್ ಮಾಡುತ್ತಾರೆ!

ಎಕ್ಸ್‌ಪೋರ್ಟ್ ಮಾಡುವಾಗ ಸೌಂಡನ್ನು ಸುಮ್ನೆ ಮ್ಯೂಟ್ ಮಾಡಬೇಡಿ, ಆಡಿಯೋ ಟ್ರ್ಯಾಕನ್ನೇ ಅಳಿಸಿ. ಅದು ಚಿತ್ರಕ್ಕಿಂತ ಚೂರು ಉದ್ದ ಇದ್ದರೂ ಕೊನೆಯ ಫ್ರೇಮ್ ಅಷ್ಟು ಹೊತ್ತು ನಿಂತುಬಿಡುತ್ತದೆ. ಕೆಲವು ಫೋನ್ ಆ್ಯಪ್‌ಗಳು ಕೊನೆಗೆ ತಮ್ಮದೇ ಲೋಗೋ ತುಂಡು ಅಂಟಿಸುತ್ತವೆ, ಅದನ್ನೂ ನೋಡಿಕೊಳ್ಳಿ.

ಇನ್ನು ಟೀವಿ. ಪೆನ್‌ಡ್ರೈವ್‌ನಿಂದ ಓಡಿಸುವ ಎಷ್ಟೋ ಟೀವಿಗಳು ಫೈಲ್ ಮುಗಿದಾಗ ಅದನ್ನು ಮುಚ್ಚಿ ಹೊಸದಾಗಿ ತೆರೆಯುತ್ತವೆ. ಅಲ್ಲಿ ಬರುವ ಕಪ್ಪನ್ನು ಯಾವ ಎಡಿಟಿಂಗೂ ತೆಗೆಯಲಾರದು. ಅದು ಬರುವುದನ್ನು ಅಪರೂಪ ಮಾಡಬಹುದು ಅಷ್ಟೆ. ಅದೇ 24 ಸೆಕೆಂಡನ್ನು 150 ಸಲ ಜೋಡಿಸಿ ಒಂದು ಗಂಟೆಯ ಫೈಲ್ ಮಾಡಿಕೊಳ್ಳಿ. ಕಂಪ್ಯೂಟರ್‌ನಲ್ಲಿ ffmpeg ಅನ್ನುವ ಉಚಿತ ಪ್ರೋಗ್ರಾಂ ಹಾಕಿಕೊಂಡು, ಕಮಾಂಡ್ ವಿಂಡೋದಲ್ಲಿ ಹೀಗೆ ಕೊಡಿ. loop.mp4 ನಿಮ್ಮ ಚಿಕ್ಕ ಫೈಲ್, 149 ಅಂದರೆ ಮೊದಲ ಸಲ ಬಿಟ್ಟು ಇನ್ನೂ 149 ಸಲ:

```
ffmpeg -stream_loop 149 -i loop.mp4 -an -c copy long.mp4
```

ಇದು ಚಿತ್ರವನ್ನು ಮತ್ತೆ ಕುಗ್ಗಿಸುವುದಿಲ್ಲ, ಹಾಗೇ ನಕಲು ಮಾಡಿ ಜೋಡಿಸುತ್ತದೆ. ಬೇಗ ಮುಗಿಯುತ್ತದೆ, ಗುಣಮಟ್ಟವೂ ಕೆಡುವುದಿಲ್ಲ. ಚಿಕ್ಕ ಫೈಲ್ 20 ಎಂಬಿ ಇದ್ದರೆ ದೊಡ್ಡದು 3 ಜಿಬಿ ಆಗುತ್ತದೆ. 30 ಎಂಬಿ ಇದ್ದರೆ 4.5 ಜಿಬಿ ಆಗಿ, FAT32 ಅಂತ ಫಾರ್ಮ್ಯಾಟ್ ಆಗಿರುವ ಪೆನ್‌ಡ್ರೈವ್ ಅದನ್ನು ತೆಗೆದುಕೊಳ್ಳುವುದೇ ಇಲ್ಲ, ಅದರಲ್ಲಿ ಒಂದು ಫೈಲಿನ ಮಿತಿ 4 ಜಿಬಿ. ಆಗ 149ರ ಬದಲು 99 ಹಾಕಿ, 40 ನಿಮಿಷದ ಫೈಲ್ ಸಿಗುತ್ತದೆ. ಟೀವಿಗೆ ಹಳೆಯ ಲ್ಯಾಪ್‌ಟಾಪ್ ಕಟ್ಟಿದ್ದರೆ ಈ ತಲೆನೋವೇ ಬೇಡ, mpv ಅನ್ನುವ ವಿಡಿಯೋ ಪ್ಲೇಯರ್ ಹಾಕಿಕೊಂಡು `mpv --fs --loop-file=inf loop.mp4` ಅಂತ ಕೊಟ್ಟು ಬಿಟ್ಟುಬಿಡಿ.

ಒಂದು ಮಾತು ಮರೆತಿದ್ದೆ. ಕೆಜಿ ರೇಟನ್ನು ವಿಡಿಯೋದಲ್ಲಿ ಹಾಕಬೇಡಿ. ಬೀಜದ ಬೆಲೆ ಏರಿದಾಗಲೆಲ್ಲ ಮತ್ತೆ ಎಡಿಟಿಂಗ್‌ಗೆ ಕೂರಬೇಕಾಗುತ್ತದೆ. ಟೀವಿ ಪಕ್ಕದಲ್ಲಿ ಒಂದು ಸ್ಲೇಟು ನೇತುಹಾಕಿ, ಸೀಮೆಸುಣ್ಣದಲ್ಲಿ ಬರೆಯಿರಿ.