ಸ್ವಂತ ಹೊಲಕ್ಕೆ ತಿಪ್ಪೆಗೊಬ್ಬರ, ಗುತ್ತಿಗೆ ಹೊಲಕ್ಕೆ ಬರೀ ಯೂರಿಯಾ

*ಸಂಪಾದಕರೇ, ನಾವು ಗ್ರಾಮೀಣಾಭಿವೃದ್ಧಿ ವಿಭಾಗದ ವಿದ್ಯಾರ್ಥಿಗಳು ದೊಡ್ಡಬಳ್ಳಾಪುರದ ಕಡೆ ಸಮೀಕ್ಷೆಗೆ ಹೋಗಿದ್ದೆವು. ಅಲ್ಲಿ ಒಬ್ಬ ರೈತರು ತಮ್ಮ ರಾಗಿ ಹೊಲಕ್ಕೆ ತಿಪ್ಪೆಗೊಬ್ಬರ ಹೊಡೆಸಿದ್ದರು. ಪಕ್ಕದಲ್ಲೇ ಗುತ್ತಿಗೆಗೆ ಮಾಡುವ ಹೊಲಕ್ಕೆ ಯೂರಿಯಾ ಬಿಟ್ಟರೆ ಏನೂ ಇಲ್ಲ. ಪಹಣಿ ತೆಗೆಸಿದರೆ ಅದರಲ್ಲಿ ಗುತ್ತಿಗೆಯ ಸುದ್ದಿಯೇ ಇಲ್ಲ. ಇದನ್ನು ವರದಿಯಲ್ಲಿ ಹೇಗೆ ಬರೆಯೋದು? ರೈತರಿಗೆ ತಿಳಿವಳಿಕೆ ಕಮ್ಮಿ ಅನ್ನೋಣವೇ?*
*– ಓರ್ವ ವಿದ್ಯಾರ್ಥಿನಿ, ಬೆಂಗಳೂರು*

ತಿಳಿವಳಿಕೆ ಕಮ್ಮಿ ಅಂತ ಮಾತ್ರ ಬರೆಯಬೇಡಿ. ಸ್ವಂತ ಹೊಲದಲ್ಲಿ ಗೊಬ್ಬರದ ಬೆಲೆ ಗೊತ್ತಿರುವವರಿಗೆ ಬದು ದಾಟಿದ ಕೂಡಲೇ ಅದು ಮರೆತುಹೋಗುತ್ತಾ? ಅವರು ಲೆಕ್ಕ ಹಾಕಿದ್ದಾರೆ. ಅದನ್ನೇ ನಾವೂ ಹಾಕಿ ನೋಡೋಣ. ಕೆಳಗಿನ ರೂಪಾಯಿಗಳು ಲೆಕ್ಕಕ್ಕೆ ಅಂತ ನಾನು ಹಿಡಿದವು. ನಿಮ್ಮ ಊರಿನ ದರ ಹಾಕಿಕೊಂಡು ತಿದ್ದಿಕೊಳ್ಳಿ.

ಮಳೆ ನಂಬಿದ ರಾಗಿಗೆ ಎಕರೆಗೆ ಮೂರು ನಾಲ್ಕು ಟನ್ ಕೊಟ್ಟಿಗೆ ಗೊಬ್ಬರ ಬೇಕು. ಎರಡು ಲೋಡು ಅನ್ನಿ. ಟ್ರ್ಯಾಕ್ಟರ್ ಬಾಡಿಗೆ, ಎರಚುವ ಕೂಲಿ ಎಲ್ಲ ಸೇರಿ 7,000 ರೂಪಾಯಿ. ಈ ಗೊಬ್ಬರ ಒಂದೇ ಮಳೆಗಾಲದಲ್ಲಿ ಪೂರ್ತಿ ಕರಗಿ ಬೆಳೆಗೆ ಸಿಗುವುದಿಲ್ಲ. ನಿಧಾನಕ್ಕೆ ಸಿಗುತ್ತದೆ, ಮಣ್ಣು ತೇವ ಹಿಡಿಯುವ ಹಾಗೆ ಮಾಡುತ್ತದೆ. ಅದರಿಂದ ಬರುವ ಹೆಚ್ಚುವರಿ ಆದಾಯ ಮೊದಲ ವರ್ಷ 4,500, ಎರಡನೇ ವರ್ಷ 3,000, ಮೂರನೇ ವರ್ಷ 2,000 ಅಂತ ಇಟ್ಟುಕೊಳ್ಳಿ. ಒಟ್ಟು 9,500. ಹೊಲದ ಒಡೆಯರಿಗೆ 2,500 ರೂಪಾಯಿ ಉಳಿಯಿತು. ಒಂದು ವರ್ಷದ ಗುತ್ತಿಗೆಯವರಿಗೆ? 7,000 ಹಾಕಿ 4,500 ತೆಗೆದರು. ಅಷ್ಟರಲ್ಲಿ ಹೊಲ ಬೇರೆಯವರ ಕೈಗೆ ಹೋಯಿತು. ಮುಂದಿನ ಎರಡು ವರ್ಷದ ಫಲ ಅವರಿಗಂತೂ ಇಲ್ಲ. ಯೂರಿಯಾ ಹಾಗಲ್ಲ. 45 ಕಿಲೋ ಚೀಲ 266 ರೂಪಾಯಿ ಚಿಲ್ಲರೆಗೆ ಸಿಗುತ್ತದೆ, ಹಾಕಿದ ಬೆಳೆಯಲ್ಲೇ ಫಲ ಕೊಟ್ಟು ಮುಗಿಯುತ್ತದೆ. ಒಂದು ವರ್ಷದ ಗುತ್ತಿಗೆಗೆ ಒಂದು ವರ್ಷದ ಗೊಬ್ಬರ.

ಈಗ ಅದೇ ಹೊಲ ವಾರಕ್ಕೆ, ಅಂದರೆ ಬೆಳೆ ಪಾಲಿಗೆ ಇದೆ, ಅರ್ಧರ್ಧ ಅನ್ನಿ. ಗೊಬ್ಬರದ ಖರ್ಚೆಲ್ಲ ಉಳುವವರದ್ದು. ಮೂರು ವರ್ಷ ಬಿಡದೆ ಮಾಡಿದರೂ ಅವರ ಪಾಲಿಗೆ ಬರುವುದು 4,750. ಖರ್ಚು 7,000. ಇಲ್ಲಿ ಅವಧಿ ಇದ್ದರೂ ನಷ್ಟ, ಯಾಕೆಂದರೆ ಫಲ ಹಂಚಿಕೆಯಾಗುತ್ತದೆ, ಖರ್ಚು ಆಗುವುದಿಲ್ಲ. ಖರ್ಚನ್ನೂ ಅರ್ಧ ಮಾಡಿದರೆ 3,500 ಹಾಕಿ 4,750 ಬಂತು. ಆದರೆ ಇದು ಮೂರು ವರ್ಷದ ಮಾತು. ಖರ್ಚು ಹಂಚಿಕೊಂಡು ವರ್ಷಕ್ಕೇ ಬಿಡಬೇಕಾಗಿ ಬಂದರೆ 3,500ಕ್ಕೆ 2,250. ಅಂದರೆ ಅವಧಿ ಒಂದು ತೊಂದರೆ, ಪಾಲು ಇನ್ನೊಂದು. ಪುಸ್ತಕಗಳಲ್ಲಿ ಎರಡನ್ನೂ 'ಹಿಡುವಳಿ ಅಭದ್ರತೆ' ಅಂತ ಒಂದೇ ಚೀಲಕ್ಕೆ ತುಂಬುತ್ತಾರೆ. ನಿಮ್ಮ ವರದಿಯಲ್ಲಿ ಬೇರೆ ಮಾಡಿ ತೋರಿಸಿ.

ಹಾಗಾದರೆ ಮೂರು ವರ್ಷಕ್ಕೆ ಕಾಗದ ಮಾಡಿಕೊಳ್ಳಬಹುದಲ್ವಾ ಅಂತ ಕೇಳುತ್ತೀರಿ. ಮಾಡಿಕೊಳ್ಳುವಂತಿಲ್ಲ. 1961ರ ಭೂ ಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರ ಕೈಯಲ್ಲಿದ್ದ ಜಮೀನು ಸರ್ಕಾರಕ್ಕೆ ಸೇರಿತು. ಫಾರಂ ನಂಬರ್ 7 ಹಾಕಿಕೊಂಡವರಿಗೆ ಭೂ ನ್ಯಾಯಮಂಡಳಿ ಹಕ್ಕು ಕೊಟ್ಟಿತು. ಇದು ದೊಡ್ಡ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಕರಾವಳಿಯಲ್ಲಿ ವರ್ಷ ವರ್ಷಕ್ಕೆ ಬಿಡಿಸಬಹುದಾದ ಚಾಲಗೇಣಿಯಲ್ಲಿದ್ದ ಕುಟುಂಬಗಳು ಒಡೆಯರಾದವು. ಆದರೆ ಅದೇ ಕಾಯ್ದೆಯ 5ನೇ ಕಲಂ ಮುಂದಕ್ಕೆ ಯಾರೂ ಜಮೀನನ್ನು ಗೇಣಿಗೆ ಕೊಡಬಾರದು ಅಂತಲೂ ಹೇಳಿತು. ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಉಳಿದವರಿಗೆ ಅವಕಾಶವಿಲ್ಲ. 2020ರಲ್ಲಿ ಜಮೀನು ಕೊಳ್ಳುವವರ ಮೇಲಿದ್ದ 79ಎ, 79ಬಿ ನಿರ್ಬಂಧಗಳು ಹೋದವು. 5ನೇ ಕಲಂ ಉಳಿಯಿತು. ಕೊಳ್ಳೋರಿಗೆ ಬಾಗಿಲು ತೆರೆಯಿತು, ಗುತ್ತಿಗೆ ಮಾಡೋರಿಗೆ ತೆರೆಯಲಿಲ್ಲ.

ಗುತ್ತಿಗೆಯೇನೂ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಕಾಗದ ಬರೆದರೆ ಅದು ಕಾನೂನು ಮೀರಿದ್ದಕ್ಕೆ ಸಾಕ್ಷಿ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರ ಹೆಸರು ಇರಬೇಕು. ನೀವು ನೋಡಿದ ಪಹಣಿಯಲ್ಲಿ ಎರಡೂ ಕಡೆ ಒಂದೇ ಹೆಸರು ಇದ್ದಿರಬೇಕು. ಎಷ್ಟೋ ಮಾಲೀಕರು ಒಬ್ಬರಿಗೇ ಸತತವಾಗಿ ಹೊಲ ಕೊಡದೆ ಆಳು ಬದಲಿಸುತ್ತಾರೆ. ಹೆಚ್ಚು ವರ್ಷ ಉತ್ತರೆ ಹಕ್ಕು ಕೇಳಿಯಾರು ಅನ್ನುವ ಭಯ ಐವತ್ತು ವರ್ಷ ಕಳೆದರೂ ಹೋಗಿಲ್ಲ. ಉಳುವವರನ್ನು ಕಾಪಾಡಲು ಬಂದ ಕಲಂ ಇಂದಿನ ಉಳುವವರ ಅವಧಿಯನ್ನೇ ಕತ್ತರಿಸುತ್ತಿದೆ ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರೆ.

ಇನ್ನು ಮಾಲೀಕರೇ ಗೊಬ್ಬರ ಹಾಕಿಸಬಹುದಲ್ಲ? ಬೆಂಗಳೂರಿನ ಸುತ್ತ ಆ ಆಸೆ ಬೇಡ. ನಾಳೆ ಲೇಔಟ್ ಆಗುವ ಹೊಲಕ್ಕೆ ಸೈಟಿನ ರೇಟು ಬರುತ್ತದೆ. ಮಣ್ಣಿನ ಫಲವತ್ತಿಗೆ ಅಲ್ಲಿ ಯಾರೂ ಒಂದು ರೂಪಾಯಿ ಜಾಸ್ತಿ ಕೊಡುವುದಿಲ್ಲ. ಬೆಂಗಳೂರು ಗ್ರಾಮಾಂತರ, ಕೋಲಾರದ ಕಡೆ ನೀಲಗಿರಿ ತೋಪು ಹಬ್ಬಿದ್ದಕ್ಕೂ ಇದೇ ಒಂದು ಕಾರಣ. ಒಮ್ಮೆ ನೆಟ್ಟು ಕಡಿದರೆ ಬುಡದಿಂದಲೇ ಮತ್ತೆ ಚಿಗುರುತ್ತದೆ. ಊರಲ್ಲಿಲ್ಲದ ಮಾಲೀಕರಿಗೆ ಕಾವಲೂ ಬೇಡ, ಗುತ್ತಿಗೆಯವರ ಭಯವೂ ಇಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿದ್ದು ಅಂತರ್ಜಲದ ಕಾರಣಕ್ಕೆ. ಜನ ಯಾಕೆ ನೆಟ್ಟರು ಅನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ. ಹಾಗಾಗಿ ಪಕ್ಕಾ ಹಕ್ಕುಪತ್ರ ಇದ್ದವರೆಲ್ಲ ಭೂಮಿಗೆ ದುಡ್ಡು ಹಾಕುತ್ತಾರೆ ಅಂತಲೂ ಬರೆಯಬೇಡಿ.

ಆಂಧ್ರದಲ್ಲಿ 2019ರ ಕಾಯ್ದೆಯಡಿ ಗುತ್ತಿಗೆ ರೈತರಿಗೆ ಸಾಗುವಳಿದಾರರ ಕಾರ್ಡ್ ಕೊಡುತ್ತಾರೆ. ಬೆಳೆ ಸಾಲಕ್ಕೆ ಉಪಯೋಗಕ್ಕೆ ಬರುತ್ತದೆ. ಆದರೆ ಅವಧಿ 11 ತಿಂಗಳು. ಮಾಲೀಕರ ಒಪ್ಪಿಗೆಯೂ ಬೇಕು. ನಮ್ಮ ಎರಡು ಲೋಡು ಗೊಬ್ಬರದ ಲೆಕ್ಕ ಅದರಿಂದ ಬದಲಾಗುವುದಿಲ್ಲ. ನೀತಿ ಆಯೋಗ 2016ರಲ್ಲಿ ಮುಂದಿಟ್ಟ ಮಾದರಿ ಗುತ್ತಿಗೆ ಕಾಯ್ದೆಯಲ್ಲಿ ಹೆಚ್ಚು ಉಪಯುಕ್ತವಾದ ಮಾತೊಂದಿದೆ: ಗುತ್ತಿಗೆ ಮುಗಿದಾಗ ಉಳುವವರು ಹಾಕಿದ ಬಂಡವಾಳದಲ್ಲಿ ಇನ್ನೂ ಬಳಕೆಯಾಗದ ಪಾಲನ್ನು ಅವರಿಗೆ ಹಿಂತಿರುಗಿಸಬೇಕು. ನಮ್ಮ ಲೆಕ್ಕದಲ್ಲಿ ಮೊದಲ ವರ್ಷ ಬಿಟ್ಟು ಹೋಗುವವರಿಗೆ ಆ ಉಳಿದ 5,000ದಲ್ಲಿ ಒಂದು ಪಾಲು ಸಿಗಬೇಕು. ಕೊಳವೆಬಾವಿಗೆ ರಸೀತಿ ಇರುತ್ತದೆ, ಬದುವನ್ನು ಕಣ್ಣಾರೆ ನೋಡಬಹುದು. ಮಣ್ಣಿನಲ್ಲಿ ಬೆರೆತ ಗೊಬ್ಬರವನ್ನು ಅಳೆದು ಬೆಲೆ ಕಟ್ಟುವವರು ಯಾರು? ತೊಡಕು ಅಲ್ಲೇ ಇದೆ.

ಕೊನೆಗೆ ನಿಮ್ಮ ಸಮೀಕ್ಷೆಯ ಮಾತು. ಒಬ್ಬರೇ ರೈತರ ಎರಡು ಹೊಲ ಹೋಲಿಸಿದ್ದು ಒಳ್ಳೆಯ ದಾರಿ. ಬುದ್ಧಿ, ಬಡತನ, ದನಕರು ಎರಡೂ ಕಡೆ ಒಂದೇ. ಪಾಕಿಸ್ತಾನದ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರು ಹೀಗೇ ಹೋಲಿಸಿದಾಗಲೂ ಗುತ್ತಿಗೆ ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಕಮ್ಮಿ ಬಿದ್ದಿತ್ತು. ಆದರೂ ಮೂರು ಅನುಮಾನ ಪರಿಹರಿಸಿಕೊಳ್ಳಿ. ತಿಪ್ಪೆಯೇ ಚಿಕ್ಕದಿದ್ದು ಸ್ವಂತ ಹೊಲಕ್ಕೇ ಮುಗಿದುಹೋಯಿತಾ? ಗುತ್ತಿಗೆ ಹೊಲಕ್ಕೆ ಟ್ರ್ಯಾಕ್ಟರ್ ಹೋಗುವ ದಾರಿ ಇದೆಯಾ? ಮೊದಲೇ ಬರಡು ಅಂತಲೇ ಅದನ್ನು ಗುತ್ತಿಗೆಗೆ ಕೊಟ್ಟರಾ? ಗೊಬ್ಬರ ಕೊಂಡು ಹಾಕುವ ರೈತರು ಸಿಕ್ಕರೆ ಅವರನ್ನು ಕೇಳಿ, ತಿಪ್ಪೆಯ ಅನುಮಾನ ತಾನಾಗಿ ಹೋಗುತ್ತದೆ. ಅದೇ ಹೊಲವನ್ನು ಅಣ್ಣನೋ ಭಾವನೋ ಹತ್ತು ವರ್ಷದಿಂದ ಮಾಡುತ್ತಿದ್ದರೆ ಅಲ್ಲಿ ಗೊಬ್ಬರ ಬೀಳುತ್ತಾ ಅಂತಲೂ ನೋಡಿ. ಬಿದ್ದರೆ ಅವಧಿಯೇ ಮುಖ್ಯ ಅನ್ನುವುದಕ್ಕೆ ಬಲ ಬಂತು.

ಕೇಳುವಾಗ 'ಗುತ್ತಿಗೆಗೆ ಮಾಡ್ತೀರಾ?' ಅಂತ ಶುರು ಮಾಡಬೇಡಿ, 'ಇಲ್ಲಪ್ಪ, ನೆಂಟರ ಜಮೀನು' ಅನ್ನುವ ಉತ್ತರ ಬರುತ್ತದೆ. 'ಈ ಸಲ ಎಲ್ಲೆಲ್ಲಿ ಉತ್ತಿದ್ದೀರಿ?' ಅನ್ನಿ, ಹೊಲಕ್ಕೆ ಜೊತೆಗೇ ನಡೆದು ಹೋಗಿ. ವರದಿಯಲ್ಲಿ ಮಾತ್ರ ಸರ್ವೆ ನಂಬರ್, ಹೆಸರು, ಹೊಲದ ಫೋಟೊ ಯಾವುದೂ ಬೇಡ. ನೀವು ಬರೆದಿಟ್ಟಿದ್ದು ಮಾಲೀಕರ ಕಣ್ಣಿಗೆ ಬಿದ್ದರೆ ಮುಂದಿನ ಮುಂಗಾರಿಗೆ ಅವರ ಕೈಯಲ್ಲಿ ಆ ಹೊಲ ಇರುವುದಿಲ್ಲ.

– ಸಂ.