ಒಂದೇ ಹುಡುಕಾಟಕ್ಕೆ ಎರಡು ಲೇಖನ: ಪೈಪೋಟಿ ನಿಜವೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ಅಡಿಕೆ ಕೃಷಿಯ ಬಗ್ಗೆ ಜಾಲತಾಣ ನಡೆಸುತ್ತಿದ್ದೇನೆ. ಕೊಳೆರೋಗದ ಬಗ್ಗೆ ಒಂದು ಲೇಖನ, ಅದಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಬಗ್ಗೆ ಇನ್ನೊಂದು ಲೇಖನ ಇವೆ. ‘ಅಡಿಕೆ ಕೊಳೆರೋಗ’ ಎಂದು ಗೂಗಲ್‌ನಲ್ಲಿ ಹುಡುಕಿದರೆ ಒಮ್ಮೆ ಇದು, ಒಮ್ಮೆ ಅದು ಬರುತ್ತದೆ. ಭೇಟಿಗಳೂ ಇಳಿದಿವೆ. ಎರಡು ಲೇಖನಗಳು ಒಂದನ್ನೊಂದು ತಿನ್ನುತ್ತಿವೆಯೇ? ಒಂದನ್ನು ಅಳಿಸಿಬಿಡಲೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸದ್ಯಕ್ಕೆ ಯಾವುದನ್ನೂ ಅಳಿಸಬೇಡಿ. ನಿಮ್ಮದೇ ಫೋನಿನಲ್ಲಿ ಹುಡುಕಿ ನೋಡಿದ್ದನ್ನು ಸಾಕ್ಷಿಯಾಗಿ ಹಿಡಿಯುವುದೂ ಬೇಡ, ಏಕೆಂದರೆ ನೀವಿರುವ ಊರು, ಬಳಸುವ ಸಾಧನ ಮತ್ತು ಹುಡುಕಿದ ಹೊತ್ತಿಗೆ ತಕ್ಕಂತೆ ಫಲಿತಾಂಶ ಬದಲಾಗುತ್ತದೆ. ತಾಣ ನಡೆಸುವವರಿಗೆ ಗೂಗಲ್ ಉಚಿತವಾಗಿ ಕೊಡುವ ಸರ್ಚ್ ಕನ್ಸೋಲ್‌ನ Performance ವರದಿಯಲ್ಲಿ Query ಫಿಲ್ಟರ್ ಹಾಕಿ, Exact query ಆಯ್ದು, ಹುಡುಕಾಟದ ಪದಗಳನ್ನು ಕೊಟ್ಟು, ಅನಂತರ Pages ಪಟ್ಟಿ ತೆರೆಯಿರಿ.

ಅಲ್ಲಿ ಎರಡು ವಿಳಾಸಗಳು ಕಂಡ ಮಾತ್ರಕ್ಕೆ ಪೈಪೋಟಿ ಇದೆ ಎಂದಾಗುವುದಿಲ್ಲ. ಹಲವರು ಎಡವುವುದು ಇಲ್ಲಿಯೇ. ವರದಿಯ ಮೇಲ್ಭಾಗದ ಒಟ್ಟು ಸಂಖ್ಯೆ ಇಡೀ ತಾಣದ ಲೆಕ್ಕವಾಗಿದ್ದು, ಒಂದೇ ಫಲಿತಾಂಶ ಪುಟದಲ್ಲಿ ನಿಮ್ಮ ಎರಡೂ ಲೇಖನಗಳು ಕಂಡರೆ ಅದನ್ನು ಒಂದೇ ಇಂಪ್ರೆಷನ್, ಅಂದರೆ ಒಂದೇ ಬಾರಿ ಕಂಡದ್ದು ಎಂದು ಎಣಿಸುತ್ತದೆ. ಕೆಳಗಿನ Pages ಪಟ್ಟಿಯಾದರೋ ಪ್ರತಿ ಲೇಖನಕ್ಕೂ ಬೇರೆ ಬೇರೆಯಾಗಿ ಎಣಿಸುತ್ತದೆ. ಈ ವ್ಯತ್ಯಾಸವೇ ನಿಮಗೆ ಬೇಕಾದ ಮೊದಲ ಸುಳಿವು. ಉದಾಹರಣೆಗೆ, ಒಟ್ಟು ಇಂಪ್ರೆಷನ್ 1000 ಇದ್ದು, ಕೊಳೆರೋಗದ ಲೇಖನಕ್ಕೆ 620, ಬೋರ್ಡೋ ಲೇಖನಕ್ಕೆ 410 ಇವೆ ಎಂದುಕೊಳ್ಳಿ. ಕೂಡಿದರೆ 1030, ಅಂದರೆ ಎರಡೂ ಒಟ್ಟಿಗೆ ಕಂಡದ್ದು ಕೇವಲ 30 ಬಾರಿ, ಉಳಿದಂತೆ ಗೂಗಲ್ ಪ್ರತಿ ಸಲವೂ ಎರಡರಲ್ಲಿ ಒಂದನ್ನೇ ಆರಿಸಿಕೊಂಡಿದೆ. ಇದು ಶಂಕಿಸಬೇಕಾದ ಸ್ಥಿತಿ. ಅದೇ 950 ಮತ್ತು 900 ಇದ್ದಿದ್ದರೆ ಬಹುತೇಕ ಪ್ರತಿ ಬಾರಿಯೂ ಎರಡೂ ಜೊತೆಯಾಗಿಯೇ ಕಂಡಿವೆ ಎಂದರ್ಥ, ಮತ್ತು ಅವು ಮೇಲಿನ ಸ್ಥಾನಗಳಲ್ಲೇ ಇದ್ದರೆ ಅದು ನಷ್ಟವಲ್ಲ, ಲಾಭ. ಪಟ್ಟಿಯಲ್ಲಿ # ಚಿಹ್ನೆಯುಳ್ಳ ವಿಳಾಸಗಳಿದ್ದರೆ ಅವು ಅದೇ ಲೇಖನದ ಒಳಭಾಗಗಳು; ಅವನ್ನು ಎದುರಾಳಿಗಳೆಂದು ಎಣಿಸಬಾರದು.

ಶಂಕೆ ಉಳಿದರೆ, Query ಫಿಲ್ಟರನ್ನು ಹಾಗೆಯೇ ಇಟ್ಟುಕೊಂಡು, Page ಫಿಲ್ಟರಿನ Compare ಮೂಲಕ ಎರಡೂ ವಿಳಾಸಗಳನ್ನು ಎದುರುಬದುರಾಗಿ ಇಟ್ಟು ದಿನವಾರು ಗೆರೆಗಳನ್ನು ನೋಡಿ. ನಿಜವಾದ ಪೈಪೋಟಿಯಲ್ಲಿ ಒಂದರ ಇಂಪ್ರೆಷನ್ ಏರಿದ ದಿನಗಳಲ್ಲೇ ಇನ್ನೊಂದರದ್ದು ಕುಸಿದಿರುತ್ತದೆ. ಜೊತೆಗೆ ಕೊಳೆರೋಗದ ಲೇಖನ ಕಾಣುವ ದಿನಗಳಲ್ಲಿ ಸ್ಥಾನ 7ರ ಆಸುಪಾಸಿನಲ್ಲಿದ್ದು, ಬೋರ್ಡೋ ಲೇಖನ ಕಾಣುವ ದಿನಗಳಲ್ಲಿ 15ರ ಆಸುಪಾಸಿಗೆ ಜಾರಿ ಕ್ಲಿಕ್‌ಗಳೂ ನಿಂತುಹೋಗಿದ್ದರೆ, ಸೋರಿಕೆ ಎಲ್ಲಿದೆ ಎಂಬುದು ಖಚಿತವಾಯಿತು. ಎರಡೂ ಗೆರೆಗಳು ಒಟ್ಟಿಗೇ ಇಳಿದಿದ್ದರೆ ಕಾರಣ ಬೇರೆಯೇ. ನಿಮ್ಮ ವಿಷಯದಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು: ಕೊಳೆರೋಗ ಮಳೆಗಾಲದ ರೋಗ, ಮಳೆ ನಿಂತ ಮೇಲೆ ಅದನ್ನು ಹುಡುಕುವವರೇ ಕಡಿಮೆಯಾಗುತ್ತಾರೆ. ಆದ್ದರಿಂದ ಆಗಸ್ಟ್ ತಿಂಗಳನ್ನು ಡಿಸೆಂಬರ್‌ಗೆ ಹೋಲಿಸದೆ ಹಿಂದಿನ ವರ್ಷದ ಆಗಸ್ಟ್‌ಗೇ ಹೋಲಿಸಿ. ಸರ್ಚ್ ಕನ್ಸೋಲ್ 16 ತಿಂಗಳ ಮಾಹಿತಿ ಇಟ್ಟುಕೊಂಡಿರುವುದರಿಂದ ಇದು ಸಾಧ್ಯ.

ಕನ್ನಡದ ತಾಣಗಳಿಗೆ ಇನ್ನೊಂದು ತೊಡಕಿದೆ. ಜನ ‘ಕೊಳೆರೋಗ’ ಎಂದೂ, ನಡುವೆ ಜಾಗ ಬಿಟ್ಟು ‘ಕೊಳೆ ರೋಗ’ ಎಂದೂ, ಇಂಗ್ಲಿಷ್ ಅಕ್ಷರಗಳಲ್ಲೂ ಟೈಪ್ ಮಾಡುತ್ತಾರೆ. Exact query ಇವುಗಳಲ್ಲಿ ಒಂದನ್ನು ಮಾತ್ರ ಹಿಡಿಯುವುದರಿಂದ, Custom (regex) ಆಯ್ದು ಈ ಸಾಲನ್ನು ಕೊಟ್ಟು ಮತ್ತೊಮ್ಮೆ ನೋಡಿ:

```
ಕೊಳೆ ?ರೋಗ|kole ?roga
```

ಈ ಸಾಲು ಎಲ್ಲ ಬರಹರೂಪಗಳನ್ನೂ ಒಟ್ಟಿಗೆ ತೋರಿಸುತ್ತದೆ; ಅನಂತರ ಒಂದೊಂದನ್ನೂ Exact query ಮೂಲಕ ಬೇರೆಯಾಗಿ ನೋಡಿದಾಗ ಒಂದು ಬರಹರೂಪಕ್ಕೆ ಒಂದು ಲೇಖನ, ಇನ್ನೊಂದಕ್ಕೆ ಮತ್ತೊಂದು ಲೇಖನ ಸ್ಥಿರವಾಗಿ ಬರುತ್ತಿದ್ದರೆ ಅಲ್ಲಿ ಅದಲುಬದಲು ಇಲ್ಲ.

ಇನ್ನು ಅಳಿಸುವ ಮಾತು. Query ಫಿಲ್ಟರ್ ತೆಗೆದು, ಬೋರ್ಡೋ ಲೇಖನವೊಂದನ್ನೇ ಇಟ್ಟುಕೊಂಡು ಅದರ Queries ಪಟ್ಟಿ ತೆರೆಯಿರಿ. ಮೈಲುತುತ್ತು ಎಷ್ಟು, ಸುಣ್ಣ ಎಷ್ಟು, ಮೊದಲು ಯಾವುದನ್ನು ಕರಗಿಸಬೇಕು ಎಂದು ಕೇಳುವವರು ಅಲ್ಲಿಗೆ ಬರುತ್ತಿದ್ದರೆ ಆ ಲೇಖನಕ್ಕೆ ತನ್ನದೇ ಓದುಗರಿದ್ದಾರೆ, ಅದು ಉಳಿಯಲೇಬೇಕು. ಆಗ ಅದರಲ್ಲಿರುವ ರೋಗಲಕ್ಷಣಗಳ ದೀರ್ಘ ಪೀಠಿಕೆಯನ್ನು ಕತ್ತರಿಸಿ, ಶೀರ್ಷಿಕೆಯನ್ನು ದ್ರಾವಣ ತಯಾರಿಕೆಗೆ ಸೀಮಿತಗೊಳಿಸಿ, ‘ಅಡಿಕೆ ಕೊಳೆರೋಗ’ ಎಂಬ ಪದಗಳ ಮೇಲೆ ಮೊದಲ ಲೇಖನಕ್ಕೆ ಕೊಂಡಿ ಕೊಡಿ. ಪಟ್ಟಿಯ ತುಂಬ ಕೊಳೆರೋಗದ ಹುಡುಕಾಟಗಳೇ ಇದ್ದರೆ ಮಾತ್ರ, ಅದರ ಉಪಯುಕ್ತ ಭಾಗಗಳನ್ನು ಮೊದಲ ಲೇಖನಕ್ಕೆ ಸೇರಿಸಿ, ಹಳೆಯ ವಿಳಾಸವನ್ನು 301 ರೀಡೈರೆಕ್ಟ್ ಮೂಲಕ ಅಲ್ಲಿಗೆ ತಿರುಗಿಸಿ. ಬರೀ ಅಳಿಸಿದರೆ ಆ ವಿಳಾಸಕ್ಕೆ ಹೊರಗಿನಿಂದ ಬಂದ ಕೊಂಡಿಗಳೆಲ್ಲ ವ್ಯರ್ಥವಾಗುತ್ತವೆ.

ಬದಲಾವಣೆ ಮಾಡಿದ ಮೇಲೆ ಗೂಗಲ್ ಎರಡೂ ಪುಟಗಳನ್ನು ಮತ್ತೆ ಓದಲು ಕೆಲವು ವಾರಗಳೇ ಹಿಡಿಯಬಹುದು. ಆ ಅವಧಿಯಲ್ಲಿ ಪುನಃ ಏನನ್ನೂ ತಿದ್ದದೆ ಬಿಟ್ಟು, ನಂತರ ಅದೇ Compare ಗೆರೆಗಳನ್ನು ತೆರೆದು ಅದಲುಬದಲು ನಿಂತಿದೆಯೇ ಎಂದು ನೋಡಿ.