ಶೇಕಡಾ 98 ಯಾವುದರ ಲೆಕ್ಕ?

"ಸಂಪಾದಕರಿಗೆ ನಮಸ್ಕಾರ. ನಾನು ಬ್ರಹ್ಮಾವರದ ಕಡೆಯವನು, ಇಂಜಿನಿಯರಿಂಗ್ ಓದುತ್ತಿದ್ದೇನೆ. ಕ್ಯಾಮೆರಾದಲ್ಲಿ ಭತ್ತದ ಸಾಲು ಗುರುತಿಸಿ, ತಾನೇ ದಾರಿ ಹಿಡಿದು ಕಳೆ ಕೀಳುವ ಪುಟ್ಟ ರೋಬೋದ ಬಗ್ಗೆ ಲೇಖನ ಕಳುಹಿಸಿದ್ದೇನೆ. ಊರಿನ ಮೂರು ಗದ್ದೆಗಳಲ್ಲಿ ನಾವೇ ವಿಡಿಯೊ ತೆಗೆದಿದ್ದೇವೆ. ಪ್ರಕಟಿಸಲು ಯೋಗ್ಯವೇ, ಏನು ತಿದ್ದಬೇಕು ಎಂದು ದಯವಿಟ್ಟು ನೇರವಾಗಿ ತಿಳಿಸಿ."

ಆತ್ಮೀಯರೇ,

ಭಾಷೆ ತಿಳಿಯಾಗಿದೆ. ಕೆಸರಿಗೆ ಇಳಿದು ಕೆಲಸ ಮಾಡಿದ್ದೀರಿ ಎಂಬುದು ಗೊತ್ತಾಗುತ್ತದೆ. ಆದರೆ ನಿಮ್ಮ ನಾಲ್ಕನೇ ಪುಟದ ಮೂರು ವಾಕ್ಯಗಳು ನನ್ನನ್ನು ಎರಡು ದಿನ ಕಾಡಿದವು. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು: "ನಮ್ಮ ಮಾದರಿ ಶೇ. 98ರಷ್ಟು ಪಿಕ್ಸೆಲ್‌ಗಳನ್ನು ಸರಿಯಾಗಿ ಗುರುತಿಸಿತು." ನಿಮ್ಮ ಚಿತ್ರ 640 ಅಗಲ, 480 ಎತ್ತರ ಎಂದು ನೀವೇ ಹೇಳಿದ್ದೀರಿ. ಅಂದರೆ 3,07,200 ಪಿಕ್ಸೆಲ್. ನಾಟಿಯಾಗಿ ಮೂರು ವಾರ ತುಂಬದ ನೇಜಿ ಚಿತ್ರದಲ್ಲಿ ಎಷ್ಟು ಜಾಗ ಹಿಡಿಯುತ್ತದೆ? ನೀವು ಲಗತ್ತಿಸಿದ ಫೋಟೊ ನೋಡಿದರೆ ಶೇ. 8ರ ಆಸುಪಾಸು. ಉಳಿದದ್ದೆಲ್ಲ ನೀರು, ಕೆಸರು. ಹಾಗಾದರೆ ಒಂದೇ ಒಂದು ಎಲೆಯನ್ನೂ ಕಾಣದೆ, ಇಡೀ ಚಿತ್ರವನ್ನು ಕೆಸರು ಎಂದುಬಿಡುವ ಮಾದರಿಗೂ ಶೇ. 92 ಅಂಕ ಸಿಗುತ್ತದೆ. ನಿಮ್ಮ ಮಾದರಿ ತಪ್ಪಿದ ಶೇ. 2 ಎಂದರೆ 6,144 ಪಿಕ್ಸೆಲ್. ಗಿಡದ ಪಾಲು ಇರುವುದೇ 24,576. ಆ ತಪ್ಪೆಲ್ಲ ಗಿಡದ ಮೇಲೆಯೇ ಬಿದ್ದಿದ್ದರೆ ನಾಲ್ಕರಲ್ಲಿ ಒಂದು ಪಾಲು ಗಿಡ ರೋಬೋದ ಕಣ್ಣಿಗೆ ಬಿದ್ದೇ ಇಲ್ಲ. ತಪ್ಪು ಗಿಡದ ಮೇಲೆಯೇ ಬಿದ್ದಿದೆ ಎಂದು ನಾನು ಹೇಳುತ್ತಿಲ್ಲ. ಬಿದ್ದಿದೆಯೋ ಇಲ್ಲವೋ ತಿಳಿಯುವ ದಾರಿಯನ್ನು ನಿಮ್ಮ ವಾಕ್ಯ ಓದುಗನಿಗೆ ಕೊಟ್ಟಿಲ್ಲ.

ಎರಡನೆಯದು: "ಹೀಗಾಗಿ ರೋಬೋ ಸಾಲುಗಳ ನಡುವೆ ನಿಖರವಾಗಿ ಸಾಗುತ್ತದೆ." ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂತು. ಪಿಕ್ಸೆಲ್ ಲೆಕ್ಕದಿಂದ ಚಕ್ರದ ಲೆಕ್ಕಕ್ಕೆ ಒಂದೇ ನೆಗೆತಕ್ಕೆ ಹಾರಿದ್ದೀರಿ. ತಪ್ಪುಗಳು ಎಲೆಯ ಎರಡೂ ಅಂಚಿನಲ್ಲಿ ಸಮನಾಗಿ ಹರಡಿದ್ದರೆ ಸಾಲಿನ ನಡುಗೆರೆ ಕದಲುವುದಿಲ್ಲ, ಶೇ. 10 ತಪ್ಪಿದರೂ ರೋಬೋ ನೆಟ್ಟಗೆ ಹೋಗುತ್ತದೆ. ಅದೇ ಒಂದು ಮಗ್ಗುಲಿನಲ್ಲಿ ಗುಂಪಾಗಿ ಬಿದ್ದರೆ ಶೇ. 2 ಸಾಕು, ಗೆರೆ ವಾಲುತ್ತದೆ.

ನಾನು ಮಂಗಳೂರಿನ ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಕೃಷಿ ಪುಟ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿದ್ದರು. ವರದಿಯಲ್ಲಿ ಅಂಕಿ ಕಂಡರೆ ಸಾಕು, "ಅಳೆದವನು ಎಲ್ಲಿ ನಿಂತಿದ್ದ?" ಎಂದು ಕೇಳುತ್ತಿದ್ದರು. ಹೊಸ ಕಳೆಯಂತ್ರದ ಬಗ್ಗೆ ಬರೆಯಲು ಹೊರಟಾಗ ನನ್ನ ಕೈಗೆ ಅಳತೆ ಟೇಪು ಕೊಟ್ಟು ಕಳುಹಿಸಿದರು. ಯಂತ್ರದ ಹಿಂದೆ ಮೊಣಕಾಲುದ್ದ ಕೆಸರಿನಲ್ಲಿ ನಡೆಯುತ್ತಾ, ಹಲ್ಲು ಉಳಿಸಿಹೋದ ಗುರುತಿನಿಂದ ನೇಜಿಯ ಬುಡಕ್ಕೆ ಎಷ್ಟು ದೂರ ಎಂದು ಅಳೆದು ಬರೆದುಕೊಂಡೆ. ವರದಿಯಲ್ಲಿ ಅವರು ಉಳಿಸಿದ್ದು ಬಹುಪಾಲು ಆ ಅಳತೆಗಳನ್ನೇ. ಕಂಪನಿಯ ಕೈಪಿಡಿಯಿಂದ ನಾನು ಎತ್ತಿಕೊಂಡಿದ್ದ ಸಾಲುಗಳ ಮೇಲೆ ಕೆಂಪು ಪೆನ್ಸಿಲ್ ಎಳೆದರು. ಇಂದಿಗೂ ಅಂಕಿಯೊಂದನ್ನು ಓದುವಾಗ ನನಗೆ ಆ ಟೇಪು ನೆನಪಾಗುತ್ತದೆ.

ನಿಮ್ಮ ಗದ್ದೆಗೂ ಅದೇ ಟೇಪು ಹಿಡಿಯೋಣ. ಯಂತ್ರ ನಾಟಿಯಾದ್ದರಿಂದ ಸಾಲಿನಿಂದ ಸಾಲಿಗೆ 30 ಸೆಂ.ಮೀ. ನಿಮ್ಮ ಕಳೆ ಕೀಳುವ ಉರುಳೆಯ ಅಗಲ 18 ಸೆಂ.ಮೀ. ನಟ್ಟನಡುವೆ ಹೋದರೆ ಎರಡೂ ಕಡೆ ಆರಾರು ಸೆಂ.ಮೀ. ಉಳಿಯುತ್ತದೆ. ಬುಡ ಹರಡಿಕೊಂಡದ್ದಕ್ಕೆ ಮೂರು ಕಳೆಯಿರಿ. ಉಳಿದ ಮೂರು ಸೆಂ.ಮೀ. ಮಾತ್ರ ರೋಬೋಗೆ ತಪ್ಪಲು ಇರುವ ಅವಕಾಶ. ಕ್ಯಾಮೆರಾ ಒಂದು ಮೀಟರ್ ಮುಂದೆ ನೋಡುತ್ತದೆ ಎಂದಾದರೆ, ಗೆರೆ ಮೂರು ಡಿಗ್ರಿ ವಾಲಿದರೆ ಆ ಒಂದು ಮೀಟರಿನಲ್ಲಿ ಐದು ಸೆಂ.ಮೀ. ಪಕ್ಕಕ್ಕೆ ಸರಿದಂತಾಯಿತು. ನೇಜಿ ಕಿತ್ತುಬರುತ್ತದೆ. ನಿಮ್ಮ ಲೇಖನದಲ್ಲಿ ಸೆಂ.ಮೀ. ಎಂಬ ಅಳತೆ ರೋಬೋದ ಗಾತ್ರ ಹೇಳುವಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಮೂರನೆಯ ವಾಕ್ಯವೇ ನನಗೆ ತೀರಾ ಇಷ್ಟವಾದದ್ದು: "ಒಮ್ಮೆ ಮಾತ್ರ ರೋಬೋ ಕಾರಣವಿಲ್ಲದೆ ಹುಣಿಯ ಕಡೆಗೆ ತಿರುಗಿತು." ಅಷ್ಟು ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ! ನಿಮ್ಮದೇ ಫೋಟೊದ ಬಲಭಾಗ ನೋಡಿ. ಹುಣಿಯ ಮೇಲಿನ ತೆಂಗಿನ ಮರಗಳು ಗದ್ದೆಯ ನೀರಿನಲ್ಲಿ ಪ್ರತಿಫಲಿಸಿವೆ, ಗರಿಗಳ ಹಸಿರು ಮೂರನೇ ಸಾಲಿಗೆ ಅಂಟಿಕೊಂಡಿದೆ. ಕಾರಣ ಅಲ್ಲೇ ಇರಬೇಕು ಎಂದು ನನ್ನ ಬಲವಾದ ಅನುಮಾನ. ಏಕೆಂದರೆ ಪ್ರತಿ ಪಿಕ್ಸೆಲ್ ಗಿಡವೋ ಅಲ್ಲವೋ ಎಂದು ಗುರುತಿಸುವ ನಿಮ್ಮ ಮಾದರಿ ಯೂ-ನೆಟ್‌ಗೆ ಕಲಿಸಲು ಬೇಕಾದ ಸರಿಯುತ್ತರದ ಚಿತ್ರಗಳನ್ನು ನೀವು ಕೈಯಿಂದ ಬಿಡಿಸಿಲ್ಲ. ಹಸಿರಿನ ಸೂತ್ರದಿಂದ ಮಾಡಿಕೊಂಡಿದ್ದೀರಿ:

```
ExG = 2g - r - b
```

ಇಲ್ಲಿ g, r, b ಎಂದರೆ ಪಿಕ್ಸೆಲ್‌ನ ಹಸಿರು, ಕೆಂಪು, ನೀಲಿ. ಈ ಮೂರೂ ಬಣ್ಣಗಳನ್ನು ಮೊದಲು ಅವುಗಳ ಮೊತ್ತದಿಂದ ಭಾಗಿಸಿರುತ್ತಾರೆ. ಆದ್ದರಿಂದ ಬೆಳಕು ಹೆಚ್ಚುಕಡಿಮೆಯಾದರೂ ಎಲೆ ಎಲೆಯಾಗಿಯೇ ಉಳಿಯುತ್ತದೆ. ಅದು ಸೂತ್ರದ ಒಳ್ಳೆಯ ಗುಣ. ಅದೇ ಗುಣದಿಂದಾಗಿ ನೀರಿನಲ್ಲಿ ಮಂಕಾಗಿ ಕಾಣುವ ತೆಂಗಿನ ಗರಿಯೂ ಎಲೆಯ ಲೆಕ್ಕಕ್ಕೆ ಸೇರುತ್ತದೆ. ಪಾಚಿಯೂ ಅಷ್ಟೇ, ಕಳೆಯೂ ಅಷ್ಟೇ. ಸರಿಯುತ್ತರದಲ್ಲೇ ಪ್ರತಿಬಿಂಬ ಗಿಡವಾಗಿದ್ದರೆ, ಅದನ್ನು ಗಿಡ ಎಂದ ಮಾದರಿಗೆ ಪೂರ್ತಿ ಅಂಕ. ನಿಮ್ಮ ಶೇ. 98 ಹೇಳುವುದು ಮಾದರಿ ಸೂತ್ರದೊಂದಿಗೆ ಎಷ್ಟು ಒಪ್ಪಿತು ಎಂಬುದನ್ನು. ಗದ್ದೆಯೊಂದಿಗೆ ಎಷ್ಟು ಒಪ್ಪಿತು ಎಂಬುದನ್ನು ಯಾರೂ ಅಳೆದೇ ಇಲ್ಲ.

ಕಳೆಯ ಗುಂಪಿಗಿಂತ ಪ್ರತಿಬಿಂಬ ಹೆಚ್ಚು ಅಪಾಯಕಾರಿ. ಕಳೆ ಮಣ್ಣಿಗೆ ಅಂಟಿಕೊಂಡಿದೆ. ರೋಬೋ ಮುಂದೆ ಹೋದಂತೆ ಅದು ಹಿಂದೆ ಸರಿದು ಚಿತ್ರದಿಂದ ಹೊರಬೀಳುತ್ತದೆ, ವಿಡಿಯೊದ ಕೆಲವು ಚೌಕಟ್ಟುಗಳ ಸರಾಸರಿ ತೆಗೆದರೆ ತಪ್ಪು ಕರಗುತ್ತದೆ. ದೂರದ ಮರದ ಪ್ರತಿಬಿಂಬ ಹಾಗಲ್ಲ. ಬಸ್ಸಿನ ಕಿಟಕಿಯಲ್ಲಿ ಜೊತೆಗೇ ಬರುವ ಚಂದ್ರನಂತೆ ಕ್ಯಾಮೆರಾದೊಂದಿಗೇ ಸಾಗುತ್ತದೆ, ತಪ್ಪೂ ಜೊತೆಗೇ ಸಾಗುತ್ತದೆ. ಪತ್ತೆಯ ದಾರಿಯೂ ಇದರಲ್ಲೇ ಇದೆ. ಕ್ಯಾಮೆರಾದ ಎತ್ತರ ಮತ್ತು ಓರೆ ನಿಮಗೆ ಗೊತ್ತು. ಚಿತ್ರವನ್ನು ಮೇಲಿನಿಂದ ನೋಡಿದಂತೆ ಬದಲಿಸಿಕೊಳ್ಳಿ. ರೋಬೋ ಸೆಕೆಂಡಿಗೆ 30 ಸೆಂ.ಮೀ. ಹೋಗುತ್ತಿದ್ದರೆ ನಿಜವಾದ ನೇಜಿಯೂ ಸೆಕೆಂಡಿಗೆ 30 ಸೆಂ.ಮೀ. ಹಿಂದೆ ಸರಿಯಬೇಕು. ಅದಕ್ಕಿಂತ ತೀರಾ ನಿಧಾನವಾಗಿ ಸರಿಯುವ ಹಸಿರು ಗದ್ದೆಯದ್ದಲ್ಲ.

ಮೇಲಿನಿಂದ ನೋಡಿದಂತೆ ಮಾಡಿಕೊಂಡರೆ ಇನ್ನೊಂದು ಲಾಭವಿದೆ. ಓರೆಯಾಗಿ ಕಾಣುತ್ತಿದ್ದ ಸಾಲುಗಳು ಸಮಾನಾಂತರವಾಗುತ್ತವೆ. ಆಗ ಒಂದೊಂದೇ ಸಾಲಿಗೆ ಗೆರೆ ಹುಡುಕುವ ಬದಲು, 30 ಸೆಂ.ಮೀ. ಅಂತರದ ನಾಲ್ಕೈದು ಗೆರೆಗಳನ್ನು ಒಟ್ಟಿಗೇ ಸರಿಸಿ, ಎಲ್ಲಿ ಹೆಚ್ಚು ಹಸಿರು ಸಿಗುತ್ತದೆ ನೋಡಬಹುದು. ತೆಂಗಿನ ಗರಿ 30 ಸೆಂ.ಮೀ.ಗೊಮ್ಮೆ ಮರುಕಳಿಸುವುದಿಲ್ಲ. ಆದರೆ ನಮ್ಮ ಕಡೆಯ ಗದ್ದೆಗಳು ಚಿಕ್ಕವು, ಅಂಕುಡೊಂಕಾದವು. ಹುಣಿಯ ಬಳಿ ನಾಟಿ ಯಂತ್ರ ತಿರುಗಿದಲ್ಲಿ ಸಾಲು ಬಾಗಿರುತ್ತದೆ, ಅಲ್ಲಿ ಈ ಉಪಾಯ ನಡೆಯದು. ಅದನ್ನೂ ಬರೆಯಿರಿ.

ಈಗ ನನಗೆ ಬೇಕಾದದ್ದು ಇಷ್ಟು. ಎರಡು ಗದ್ದೆಗಳ ವಿಡಿಯೊದಿಂದ ಮಾತ್ರ ಕಲಿಸಿ, ಮೂರನೆಯದನ್ನು ಪರೀಕ್ಷೆಗೆ ಎತ್ತಿಡಿ. ಒಂದೇ ವಿಡಿಯೊದ ಅಕ್ಕಪಕ್ಕದ ಚೌಕಟ್ಟುಗಳು ಒಂದು ಸೆಂ.ಮೀ. ಅಂತರದ ಅವಳಿಗಳು, ಒಂದನ್ನು ಕಲಿಸಿ ಇನ್ನೊಂದನ್ನು ಕೇಳುವುದು ಪರೀಕ್ಷೆಯಲ್ಲ. ಮೂರನೇ ಗದ್ದೆಯ ಐವತ್ತು ಚಿತ್ರಗಳಲ್ಲಿ ಸಾಲಿನ ನಡುಗೆರೆಯನ್ನು ನಿಮ್ಮ ಕೈಯಿಂದಲೇ ಎಳೆಯಿರಿ. ರೋಬೋ ಎಳೆದ ಗೆರೆ ಅದರಿಂದ ಎಷ್ಟು ಸೆಂ.ಮೀ. ಸರಿದಿದೆ, ಮೂರು ಸೆಂ.ಮೀ. ದಾಟಿದ್ದು ಎಷ್ಟು ಚಿತ್ರಗಳಲ್ಲಿ ಎಂದು ಹೇಳಿ. ಲೇಖನವನ್ನು ರೋಬೋ ಹುಣಿಗೆ ತಿರುಗಿದ ಕ್ಷಣದಿಂದ ಆರಂಭಿಸಿ. ಆ ವಿಡಿಯೊ ತುಣುಕನ್ನು ಅಳಿಸಿರದಿದ್ದರೆ ಮೊದಲು ಅದನ್ನು ನನಗೆ ಕಳುಹಿಸಿ, ಬಾಕಿಯದು ನಿಧಾನವಾಗಿ ಬರಲಿ.